ಎಟ್ಟಿ ರಬ್ಬರ್ ಆಗುವುದು ಯಾವ ನಿಮಿಷದಲ್ಲಿ?

ನಮ್ಮ ಕಾಸರಗೋಡಿನಲ್ಲಿ ಇದಕ್ಕೆ ಮೂರು ಹೆಸರು. ಮೀನು ತರುವ ಅಕ್ಕ ಬುಟ್ಟಿ ಇಳಿಸಿ ಚೆಮ್ಮೀನ್ ಎನ್ನುತ್ತಾರೆ. ಮನೆಯೊಳಗೆ ತುಳುವಿನಲ್ಲಿ ಎಟ್ಟಿ. ಪೇಟೆಗೆ ಹೋಗುವವರ ಕೈಗೆ ಚೀಟಿ ಬರೆದು ಕೊಡುವಾಗ ಸಿಗಡಿ. ಹೆಸರು ಯಾವುದಾದರೂ ಊಟಕ್ಕೆ ಕೂತವರ ದೂರು ಮಾತ್ರ ಒಂದೇ: "ಜಗಿದು ಜಗಿದು ದವಡೆ ನೋವು ಬಂತು."

ನನ್ನ ಮಾವ, ಅಂದರೆ ಅಮ್ಮನ ತಮ್ಮ, ಮುಳ್ಳೇರಿಯ ಕಡೆ ಸ್ವಲ್ಪ ರಬ್ಬರ್ ತೋಟ ಇಟ್ಟುಕೊಂಡವರು. ಒಮ್ಮೆ ನಮ್ಮ ಮನೆಯಲ್ಲಿ ಹದಿನೈದು ಜನರಿಗೆ ಊಟ. ನಾನು ಎರಡು ಕಿಲೋ ಎಟ್ಟಿ ತರಿಸಿ, ಸುಲಿದು, ಮಸಾಲೆ ಹಚ್ಚಿ, ದೊಡ್ಡ ಉರುಳಿಯಲ್ಲಿ ಒಂದೇ ಸಲಕ್ಕೆ ಹುರಿಯಲು ಹಾಕಿದ್ದೆ. ಮಾವ ಒಂದು ತುಂಡು ಬಾಯಿಗೆ ಹಾಕಿದರು. ಸ್ವಲ್ಪ ಹೊತ್ತು ಜಗಿದರು. ಆಮೇಲೆ ಹೇಳಿದರು: "ನಮ್ಮ ಶೀಟಿಗೆ ಈಗ ರೇಟಿಲ್ಲ ಮಾರಾಯ್ತಿ. ಇದನ್ನೇ ಒಣಗಿಸಿ ಮಾರುವುದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಎಟ್ಟಿ ತಾಜಾ ಇತ್ತು, ಮಸಾಲೆ ಸರಿ ಇತ್ತು, ಕರಟಿರಲಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ?

ಮಟನ್ ಮೆತ್ತಗಾಗುತ್ತದೆ, ಎಟ್ಟಿ ಯಾಕೆ ಆಗುವುದಿಲ್ಲ

ನಮ್ಮ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿದೆ. ಗಟ್ಟಿ ಇದೆಯಾ, ಇನ್ನೂ ಸ್ವಲ್ಪ ಬೇಯಲಿ. ಆಡಿನ ಮಾಂಸಕ್ಕೆ ಈ ಲೆಕ್ಕ ಸರಿ. ಅದರಲ್ಲಿ ಕೊಲ್ಲಾಜೆನ್ ಎಂಬ ಬಿಗಿಯಾದ ನಾರು ಜಾಸ್ತಿ. ಗಂಟೆಗಟ್ಟಲೆ ಬೇಯಿಸಿದರೆ ಆ ನಾರು ಕರಗಿ ಅಂಟಂಟಾಗುತ್ತದೆ, ಮಾಂಸ ಮೆತ್ತಗಾಗುತ್ತದೆ.

ಎಟ್ಟಿಯಲ್ಲಿ ಆ ನಾರು ಬಹಳ ಕಡಿಮೆ. ಅಂದರೆ ಹೊತ್ತು ಕಳೆದರೆ ಕರಗಿ ಮೆತ್ತಗಾಗುವಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ. ಇರುವುದು ತೆಳುವಾದ ಮಾಂಸದ ಎಳೆಗಳು, ಆ ಎಳೆಗಳ ನಡುವೆ ಹಿಡಿದಿಟ್ಟ ನೀರು. ಬಿಸಿ ತಾಗಿದಾಗ ಮೊದಲು ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ಒಂದು ಬಗೆಯ ಪ್ರೋಟೀನ್ ಹೆಪ್ಪುಗಟ್ಟುತ್ತದೆ. ಕನ್ನಡಿಯ ಹಾಗೆ ಪಾರದರ್ಶಕ ಇದ್ದ ಮಾಂಸ ಬಿಳಿಯಾಗುತ್ತದೆ, ಕಚ್ಚಿದರೆ ಟಕ್ ಎಂದು ತುಂಡಾಗುವ ಹದಕ್ಕೆ ಬರುತ್ತದೆ. ನಮಗೆ ಬೇಕಾದದ್ದು ಇದೇ. ಬಿಸಿ ಇನ್ನೂ ಏರಿ ಎಪ್ಪತ್ತರ ಹತ್ತಿರ ಹೋದಾಗ ಇನ್ನೊಂದು ಬಗೆಯ ಪ್ರೋಟೀನಿನ ಸರದಿ. ಅದು ಎಳೆಗಳನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರು ಹೊರಗೆ ಬರುತ್ತದೆ. ಉಳಿಯುವುದು ಹಿಂಡಿದ ಬಟ್ಟೆ. ಅದೇ ರಬ್ಬರ್.

ಒಮ್ಮೆ ಹಿಂಡಿ ಹೋದ ನೀರು ವಾಪಸು ಒಳಗೆ ಹೋಗುವುದಿಲ್ಲ. ಗಟ್ಟಿಯಾಯಿತು ಎಂದು ಇನ್ನೂ ಹತ್ತು ನಿಮಿಷ ಕುದಿಸಿದರೆ ಇನ್ನಷ್ಟು ಹಿಂಡಿದ ಹಾಗೆ, ಅಷ್ಟೇ.

ಈ ಎರಡು ಹಂತಗಳ ನಡುವೆ ಇರುವ ಅಂತರ ಹತ್ತಿಪ್ಪತ್ತು ಡಿಗ್ರಿ. ದೊಡ್ಡ ಮಾಂಸದ ತುಂಡಿನಲ್ಲಿ ಆ ಅಂತರ ದಾಟಲು ತುಂಬಾ ಹೊತ್ತು ಬೇಕು. ಬೆರಳಿನಷ್ಟೂ ದಪ್ಪ ಇಲ್ಲದ ಎಟ್ಟಿಗೆ ಒಂದು ನಿಮಿಷ ಸಾಕು. ಫೋನ್ ರಿಂಗಾಯಿತು ಎಂದು ಚಾವಡಿಗೆ ಹೋಗಿ ಬರುವಷ್ಟರಲ್ಲಿ ಮುಗಿಯುತ್ತದೆ.

ದಪ್ಪದ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಬಿಸಿ ಹೊರಗಿನಿಂದ ಒಳಗೆ ನಡೆದುಕೊಂಡು ಹೋಗಬೇಕಲ್ವಾ? ದಪ್ಪ ಎರಡರಷ್ಟಾದರೆ ಹೊತ್ತು ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು ಬೇಕು. ಹಾಗಾಗಿ ಕಿರುಬೆರಳಿನ ಅರ್ಧದಷ್ಟಿರುವ ಕರಿಕ್ಕಾಡಿಯನ್ನೂ, ಹೆಬ್ಬೆರಳಿಗಿಂತ ದಪ್ಪದ ಟೈಗರ್ ಎಟ್ಟಿಯನ್ನೂ ಒಂದೇ ಚಟ್ಟಿಗೆ ಒಟ್ಟಿಗೆ ಹಾಕಿದರೆ ಎರಡೂ ಸರಿಯಾಗಿ ಬೇಯುವ ಕ್ಷಣ ಬರುವುದೇ ಇಲ್ಲ. ಮಿಶ್ರ ಗಾತ್ರದ ಪಾಲು ಸಿಕ್ಕಿದ್ದರೆ ಬೇರೆ ಬೇರೆ ಮಾಡಿ. ದೊಡ್ಡದನ್ನು ಮೊದಲು ಹಾಕಿ, ಸಣ್ಣದನ್ನು ಕೊನೆಗೆ.

ಕೊಳ್ಳುವಾಗ, ಸುಲಿಯುವಾಗ

ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ ಇರುತ್ತದೆ. ಅದು ಮುಗಿದು ಬೋಟುಗಳು ಮತ್ತೆ ಹೊರಟ ಮೇಲೆ ಕರಿಕ್ಕಾಡಿ ರಾಶಿ ರಾಶಿ ಬರುವ ದಿನಗಳಿವೆ. ಸಣ್ಣದು, ಅಗ್ಗ, ರುಚಿ. ಉಳಿದ ದಿನಗಳಲ್ಲಿ ನಾರನ್, ಟೈಗರ್, ಕೆರೆಯಲ್ಲಿ ಸಾಕಿದ ವನಾಮಿ ಎಲ್ಲ ಸಿಗುತ್ತವೆ. ಯಾವುದೇ ಇರಲಿ, ತಲೆ ಹಿಡಿದು ಎತ್ತಿ ನೋಡಿ. ತಾಜಾ ಆಗಿದ್ದರೆ ತಲೆ ಮೈಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಹಳತಾದರೆ ತಲೆ ಜೋತು ಬೀಳುತ್ತದೆ, ಮೂಗಿಗೆ ಹಿಡಿದರೆ ಮೂತ್ರದಂಥ ಗಾಟು ಬರುತ್ತದೆ. ತಲೆಯಲ್ಲಿ, ಸಿಪ್ಪೆಯ ಅಂಚಿನಲ್ಲಿ ಕಪ್ಪು ಕಲೆ ಕಂಡರೆ ಅದು ವಿಷವಲ್ಲ. ಕೊಯ್ದಿಟ್ಟ ಸೇಬು ಕಪ್ಪಾಗುವಂಥದ್ದೇ ಕೆಲಸ ಅಲ್ಲಿ ನಡೆದಿರುತ್ತದೆ. ಆದರೆ ಬಲೆಯಿಂದ ಬಂದು ಹೊತ್ತಾಗಿದೆ ಎನ್ನುವುದಕ್ಕೆ ಅದು ಗುರುತು.

ತಲೆಯ ಬಗ್ಗೆ ಇನ್ನೊಂದು ಸಂಗತಿ ಇದೆ. ಆಹಾರ ಜೀರ್ಣ ಮಾಡುವ ಗ್ರಂಥಿ ಇರುವುದು ತಲೆಯೊಳಗೆ, ಕಿತ್ತಳೆ ಅಥವಾ ಕಂದು ಬಣ್ಣದ ಮುದ್ದೆಯಾಗಿ. ಪ್ರಾಣಿ ಸತ್ತ ಮೇಲೆ ಆ ರಸ ಸುಮ್ನೆ ಕೂರುವುದಿಲ್ಲ. ಪಕ್ಕದ ಮಾಂಸವನ್ನೇ ಜೀರ್ಣ ಮಾಡಲು ಶುರುಮಾಡುತ್ತದೆ. ತಲೆ ಸಮೇತ ಎಟ್ಟಿಯನ್ನು ಮಧ್ಯಾಹ್ನದ ಸೆಕೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲೇ ಎರಡು ಮೂರು ಗಂಟೆ ಬಿಟ್ಟರೆ ಕುತ್ತಿಗೆಯ ಕಡೆ ಹಿಟ್ಟಿನ ಹಾಗೆ ಆಗುವುದು ಇದರಿಂದಲೇ. ರಬ್ಬರಿಗೆ ಇದು ತದ್ವಿರುದ್ಧ ತೊಂದರೆ. ಎಷ್ಟು ಚೆನ್ನಾಗಿ ಬೇಯಿಸಿದರೂ ಇದನ್ನು ಸರಿಪಡಿಸಲು ಆಗುವುದಿಲ್ಲ. ತಂದ ಕೂಡಲೇ ಸುಲಿಯಲು ಬಿಡುವಿಲ್ಲದಿದ್ದರೆ ತಲೆ ಮಾತ್ರ ಮುರಿದು ತೆಗೆದು, ಉಳಿದದ್ದನ್ನು ಐಸ್ ಮೇಲೆ ಅಥವಾ ಫ್ರಿಜ್ಜಿನಲ್ಲಿ ಇಡಿ.

ಸುಲಿಯುವ ಕ್ರಮ ನಮ್ಮ ಕಡೆ ಎಲ್ಲರಿಗೂ ಗೊತ್ತು ಎಂದುಕೊಳ್ಳುತ್ತೇವೆ. ಆದರೂ ಹೇಳುತ್ತೇನೆ, ಯಾಕೆಂದರೆ ಇಲ್ಲೊಂದು ಉಪಾಯ ಇದೆ. ತಲೆಯ ತುದಿಯ ಮುಳ್ಳು ಬೆರಳಿಗೆ ತಾಗದ ಹಾಗೆ ಪಕ್ಕದಿಂದ ಹಿಡಿಯಿರಿ. ಸ್ವಲ್ಪ ತಿರುಚಿ, ಆಮೇಲೆ ಜಗ್ಗದೆ ನಿಧಾನಕ್ಕೆ ಎಳೆಯಿರಿ. ತಾಜಾ ಎಟ್ಟಿಯಾದರೆ ಎಷ್ಟೋ ಸಲ ಬೆನ್ನಿನ ಕಪ್ಪು ನೂಲು ತಲೆಯ ಜೊತೆಗೇ ಇಡಿಯಾಗಿ ಜಾರಿ ಬರುತ್ತದೆ. ಅವಸರದಲ್ಲಿ ಪಟಕ್ಕೆಂದು ಮುರಿದರೆ ನೂಲು ತುಂಡಾಗಿ ಒಳಗೇ ಉಳಿಯುತ್ತದೆ. ಮತ್ತೆ ಚೂರಿ ಹಿಡಿಯಬೇಕು. ನನ್ನ ಅತ್ತೆ ಒಂದು ಕಿಲೋ ಸುಲಿದು ಮುಗಿಸುವಾಗ ನನ್ನದು ಅರ್ಧ ಕಿಲೋ ಆಗಿರುತ್ತದೆ. ಅವರ ಕೈ ವೇಗ ಎಂದು ತಿಳಿದಿದ್ದೆ. ನೋಡಿದರೆ ತಲೆ ತೆಗೆಯುವಲ್ಲಿ ಅವರು ನನಗಿಂತ ನಿಧಾನ. ಚೂರಿಯ ಕೆಲಸವೇ ಅವರಿಗೆ ಉಳಿಯುವುದಿಲ್ಲ.

ತಲೆ ಹೋದ ಮೇಲೆ ಹೊಟ್ಟೆಯ ಕಡೆಯಿಂದ ಕಾಲುಗಳ ಸಾಲನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿಸಿದರೆ ಸಿಪ್ಪೆ ಸುತ್ತಿಕೊಂಡು ಬರುತ್ತದೆ. ಬಾಲದ ಕೊನೆಯ ಗೆಣ್ಣನ್ನು ಒತ್ತಿ ಎಳೆದರೆ ಅಲ್ಲಿನ ಮಾಂಸವೂ ನಷ್ಟವಾಗುವುದಿಲ್ಲ.

ಆ ಕಪ್ಪು ನೂಲು ಏನು, ತೆಗೆಯಲೇಬೇಕಾ

ಅದು ನರವೂ ಅಲ್ಲ, ರಕ್ತನಾಳವೂ ಅಲ್ಲ. ಎಟ್ಟಿಯ ಕರುಳು. ಒಳಗಿರುವುದು ಅದು ತಿಂದು ಜೀರ್ಣ ಮಾಡಿದ್ದು, ಜೊತೆಗೆ ಕೆಸರು, ಮರಳು. ತುಂಬಿದ್ದರೆ ಕಪ್ಪು, ಖಾಲಿ ಇದ್ದರೆ ಬಹುತೇಕ ಕಾಣಿಸುವುದೇ ಇಲ್ಲ. ಹೊಟ್ಟೆಯ ಕಡೆಯೂ ಒಂದು ಬಿಳಿ ದಾರ ಇರುತ್ತದೆ. ನಿಜವಾದ ನರ ಅದು. ಅದರಲ್ಲಿ ಮರಳಿಲ್ಲ, ರುಚಿಗೆ ಏನೂ ಆಗದು, ಬಿಟ್ಟುಬಿಡಿ.

ಕರುಳು ತೆಗೆಯುವುದು ಮುಖ್ಯವಾಗಿ ಹಲ್ಲಿಗೆ ಸಿಗುವ ಮರಳಿಗಾಗಿ, ಆ ಕಹಿ ರುಚಿಗಾಗಿ. ಬೆಂದ ಮೇಲೆ ಅದನ್ನು ತಿಂದರೆ ಹೊಟ್ಟೆ ಕೆಡುತ್ತದೆ ಎಂಬ ಭಯ ಬೇಡ. ಕಿಲೋಗೆ ನೂರೈವತ್ತು ಬರುವ ಪುಟ್ಟ ಕರಿಕ್ಕಾಡಿಯಲ್ಲಿ ಒಂದೊಂದರ ಬೆನ್ನು ಸೀಳುತ್ತಾ ಕೂತರೆ ಸಂಜೆಯಾಗುತ್ತದೆ. ನಾನು ತಲೆಯ ಜೊತೆ ಬಂದಷ್ಟು ಬರಲಿ ಎಂದು ಬಿಡುತ್ತೇನೆ. ಮಧ್ಯಮ, ದೊಡ್ಡ ಎಟ್ಟಿಯಲ್ಲಿ ಮಾತ್ರ ಬಿಡುವುದಿಲ್ಲ. ಅಲ್ಲಿ ಮರಳು ನಿಜವಾಗಿಯೂ ಕರಕರ ಎನ್ನುತ್ತದೆ.

ತೆಗೆಯುವ ದಾರಿ ಎರಡು. ಬೆನ್ನಿನ ಉದ್ದಕ್ಕೂ ಚೂರಿಯ ತುದಿಯಿಂದ ಎರಡು ಮೂರು ಮಿಲಿಮೀಟರ್ ಆಳಕ್ಕೆ ಗೀರಿ ನೂಲನ್ನು ಎತ್ತುವುದು ಒಂದು. ಸೀಳದೆ, ಬೆನ್ನಿನ ಎರಡನೇ ಮೂರನೇ ಗೆಣ್ಣಿನ ನಡುವೆ ಹಲ್ಲುಕಡ್ಡಿ ಅಡ್ಡಕ್ಕೆ ಚುಚ್ಚಿ ನೂಲನ್ನು ಮೇಲೆತ್ತಿ ಮೆಲ್ಲ ಎಳೆಯುವುದು ಇನ್ನೊಂದು. ಸ್ವಚ್ಛ ಆಗುವುದರಲ್ಲಿ ಎರಡೂ ಒಂದೇ. ಬೇಯುವ ಹೊತ್ತಿನಲ್ಲಿ ಒಂದೇ ಅಲ್ಲ. ಬೆನ್ನನ್ನು ಆಳಕ್ಕೆ ಸೀಳಿದರೆ ಎಟ್ಟಿ ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತದೆ. ಒಂದು ದಪ್ಪ ತುಂಡು ಇದ್ದದ್ದು ಎರಡು ತೆಳು ರೆಕ್ಕೆಗಳಾದವು. ಮೇಲೆ ಹೇಳಿದ ದಪ್ಪದ ಲೆಕ್ಕ ನೆನಪಿದೆಯಲ್ಲ? ಆ ರೆಕ್ಕೆಗಳು ತುಂಬಾ ಬೇಗ ಬೇಯುತ್ತವೆ, ಅಂಚು ಅದಕ್ಕಿಂತ ಬೇಗ ಒಣಗುತ್ತದೆ. ಸುಕ್ಕಕ್ಕೆ ಮಸಾಲೆ ಹಿಡಿಯಲಿ ಎಂದು ಹಾಗೆ ಸೀಳುವುದಾದರೆ ಸೀಳಿ, ಆದರೆ ಒಲೆಯ ಮೇಲೆ ಹೊತ್ತು ಕಡಿಮೆ ಮಾಡಿ. ಗಸಿಗೆ ನಾನು ಹಲ್ಲುಕಡ್ಡಿಯನ್ನೇ ಹಿಡಿಯುವುದು.

ತೊಳೆಯುವುದು ತಣ್ಣೀರಿನಲ್ಲಿ, ಬೇಗ, ಎರಡು ಸಲ. ನೀರಿನಲ್ಲಿ ನೆನೆಸಿಡಬೇಡಿ. ಬಿಸಿನೀರಂತೂ ಬೇಡವೇ ಬೇಡ. ವಾಸನೆ ಹೋಗಲಿ ಎಂದು ಬಿಸಿನೀರು ಸುರಿಯುವವರಿದ್ದಾರೆ. ಅದು ಒಲೆಗೆ ಇಡುವ ಮೊದಲೇ ಒಂದು ಸುತ್ತು ಬೇಯಿಸಿದ ಹಾಗೆ.

ಹುಳಿ ಮೊದಲೇ ಬೇಡ, ಉಪ್ಪು ಮೊದಲೇ ಬೇಕು

ನಿಂಬೆಹುಳಿ, ಅರಿಶಿನ, ಉಪ್ಪು, ಮೆಣಸಿನಪುಡಿ ಹಚ್ಚಿ ಒಂದು ಗಂಟೆ ಇಡುವುದು ನಮ್ಮಲ್ಲಿ ಅಭ್ಯಾಸ. ಮೀನಿಗೆ ನಡೆಯುತ್ತದೆ. ಎಟ್ಟಿಗೆ ನಿಂಬೆ ಹಚ್ಚಿ ಗಂಟೆ ಬಿಟ್ಟರೆ ಆ ಹುಳಿಯೇ ಅರ್ಧ ಬೇಯಿಸಿಬಿಡುತ್ತದೆ. ಬಿಸಿ ಮಾಡುವ ಕೆಲಸವನ್ನೇ ಹುಳಿಯೂ ಮಾಡುತ್ತದೆ. ಪ್ರೋಟೀನು ಹೆಪ್ಪುಗಟ್ಟಿ ಮಾಂಸದ ಮೇಲ್ಮೈ ಬಿಳಿಚಿಕೊಳ್ಳುತ್ತದೆ, ಬಿಗಿಯುತ್ತದೆ. ಬೇಕಾದರೆ ಒಂದು ಎಟ್ಟಿಗೆ ನಿಂಬೆರಸ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ, ಕಣ್ಣಿಗೇ ಕಾಣುತ್ತದೆ. ಆಮೇಲೆ ಅದನ್ನು ಕಾವಲಿಗೆ ಹಾಕಿದರೆ ಎರಡನೇ ಸಲ ಬೇಯಿಸಿದ ಲೆಕ್ಕ. ನಿಂಬೆ ಹಿಂಡುವುದಾದರೆ ಒಲೆ ಆರಿಸಿದ ಮೇಲೆ ಹಿಂಡಿ. ಹುಣಸೆ, ಪುನರ್ಪುಳಿ, ಬಿಂಬುಳಿ ಯಾವುದಾದರೂ ಗಸಿಯ ರಸದಲ್ಲಿ ಇರಲಿ, ಹಸಿ ಎಟ್ಟಿಗೆ ಹಚ್ಚುವುದು ಬೇಡ.

ಉಪ್ಪಿನ ಕತೆ ಬೇರೆ. ಸುಲಿದ ಅರ್ಧ ಕಿಲೋ ಎಟ್ಟಿಗೆ ಒಂದು ಸಣ್ಣ ಚಮಚ ಉಪ್ಪು, ಚಿಟಿಕೆ ಅರಿಶಿನ ಹಾಕಿ ಕಲಸಿ ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ಉಪ್ಪು ಒಳಗಿಳಿಯುತ್ತದೆ. ಮಾಂಸ ನೀರು ಹಿಡಿದಿಡಲು ಅದು ಸಹಾಯ ಮಾಡುತ್ತದೆ. ಮಸಾಲೆ ಒಳಗಿಳಿಯಲಿ ಎಂದು ಬಹಳ ಹೊತ್ತು ಕುದಿಸುವ ಅಗತ್ಯವೂ ತಪ್ಪುತ್ತದೆ. ನಿಜ ಹೇಳಬೇಕೆಂದರೆ ಮಸಾಲೆ ಎಟ್ಟಿಯೊಳಗೆ ಇಳಿಯುವುದು ಅಷ್ಟಕ್ಕಷ್ಟೇ. ಕೊತ್ತಂಬರಿ, ಜೀರಿಗೆ, ಮೆಣಸು ಮೇಲೆ ಅಂಟಿಕೊಂಡು ನಿಲ್ಲುತ್ತವೆ. ಒಳಗೆ ಹೋಗುವುದು ಉಪ್ಪು ಮಾತ್ರ.

ಹೋಟೆಲಿನ ಎಟ್ಟಿ ಯಾಕೆ ಅಷ್ಟು ಗರಿಗರಿಯಾಗಿ ಕಚ್ಚಲು ಸಿಗುತ್ತದೆ ಎಂದು ಕೇಳುವವರಿಗೆ ಒಂದು ಗುಟ್ಟು. ಉಪ್ಪಿನ ಜೊತೆ ಕಾಲು ಸಣ್ಣ ಚಮಚ ಅಡುಗೆ ಸೋಡಾ ಸೇರಿಸುವ ಪದ್ಧತಿ ಇದೆ. ಹುಳಿಗೆ ವಿರುದ್ಧವಾದ ಈ ಸೋಡಾ ಎಳೆಗಳು ಬಿಗಿಯಾಗಿ ಹತ್ತಿರ ಬರುವುದನ್ನು ತಡೆಯುತ್ತದೆ. ಆದ್ದರಿಂದ ಅರ್ಧ ನಿಮಿಷ ಹೆಚ್ಚು ಕಡಿಮೆಯಾದರೂ ಎಟ್ಟಿ ತಡೆದುಕೊಳ್ಳುತ್ತದೆ. ಅಳತೆ ಮೀರಿದರೆ ಸಾಬೂನಿನ ರುಚಿ ಬರುತ್ತದೆ. ಒಣ ಹುರಿಯುವುದಕ್ಕೆ ಸರಿ. ಗಸಿಗೆ ನನಗೆ ಇಷ್ಟವಿಲ್ಲ.

ಗಸಿ: ಅತ್ತೆಯ ವಾದ, ನನ್ನ ಲೆಕ್ಕ

ಈಗ ಒಂದು ಕಿಲೋ ಎಟ್ಟಿಯ ಗಸಿಯನ್ನೇ ಹಿಡಿದು ನೋಡೋಣ. ನಮ್ಮ ಮನೆಯ ಹಳೆಯ ಕ್ರಮ ಹೀಗೆ: ಮಣ್ಣಿನ ಚಟ್ಟಿಗೆ ಅರೆದ ಮಸಾಲೆ, ಹುಣಸೆರಸ, ಉಪ್ಪು, ಎಟ್ಟಿ ಎಲ್ಲ ಒಟ್ಟಿಗೆ ಹಾಕಿ ಹದಿನೈದು ನಿಮಿಷ ಕುದಿಸುವುದು. ಗಸಿ ಅದ್ಭುತ. ಎಟ್ಟಿ ರಬ್ಬರ್. ನಾನು ಕೊನೆಗೆ ಎಟ್ಟಿ ಹಾಕಿ ಎರಡು ನಿಮಿಷದಲ್ಲಿ ಇಳಿಸಿದಾಗ ಅತ್ತೆ ರುಚಿ ನೋಡಿ ಹೇಳಿದರು: "ಎಟ್ಟಿ ಏನೋ ಮೆತ್ತಗಿದೆ. ಗಸಿಯಲ್ಲಿ ಎಟ್ಟಿ ಎಲ್ಲಿದೆ? ಇದು ಬರೀ ತೆಂಗಿನಕಾಯಿ."

ಅವರು ಹೇಳಿದ್ದು ಸುಳ್ಳಲ್ಲ. ಹದಿನೈದು ನಿಮಿಷದಲ್ಲಿ ಎಟ್ಟಿಯಿಂದ ಹಿಂಡಿ ಬಂದ ರಸವೇ ಗಸಿಗೆ ರುಚಿ ಕೊಡುತ್ತಿತ್ತು. ನಾವು ಎಟ್ಟಿಯನ್ನು ಗಸಿಗೆ ಕೊಟ್ಟು, ಸಕ್ಕೆಯನ್ನು ತಟ್ಟೆಗೆ ಹಾಕಿಕೊಳ್ಳುತ್ತಿದ್ದೆವು. ಹಾಗಾದರೆ ಗಸಿಗೆ ಬೇಕಾದ ರುಚಿಯನ್ನು ಬೇರೆ ಎಲ್ಲಿಂದಾದರೂ ತರಬೇಕು. ಅದು ಬಿದ್ದಿರುವುದು ಬಚ್ಚಲಿನ ಪಕ್ಕದ ಬಕೆಟ್ಟಿನಲ್ಲಿ. ತಲೆ ಮತ್ತು ಸಿಪ್ಪೆ.

ಕಿಲೋಗೆ ಐವತ್ತರಷ್ಟು ಬರುವ ಮಧ್ಯಮ ಗಾತ್ರದ ಎಟ್ಟಿ ಒಂದು ಕಿಲೋ ತಂದರೆ ಸುಲಿದ ಮೇಲೆ ಕೈಗೆ ಸಿಗುವ ಮಾಂಸ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ಉಳಿದದ್ದೆಲ್ಲ ತಲೆ, ಸಿಪ್ಪೆ. ದುಡ್ಡು ಕೊಟ್ಟದ್ದು ಅದಕ್ಕೂ ಸೇರಿಸಿಯೇ. ಅವುಗಳನ್ನು ಚೆನ್ನಾಗಿ ತೊಳೆದು ನೀರು ಬಸಿಯಿರಿ. ಒಂದು ದೊಡ್ಡ ಚಮಚ ತೆಂಗಿನೆಣ್ಣೆ ಬಿಸಿಮಾಡಿ ಅದರಲ್ಲಿ ಐದು ನಿಮಿಷ ಹುರಿಯಿರಿ. ಪೂರ್ತಿ ಕೆಂಪಾಗಿ ಹುರಿದ ಪರಿಮಳ ಬರಬೇಕು. ಎರಡೂವರೆ ಲೋಟ ನೀರು ಹಾಕಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ. ಸೌಟಿನ ಬೆನ್ನಿನಿಂದ ತಲೆಗಳನ್ನು ಒತ್ತಿ ಒತ್ತಿ ರಸ ಬಿಡಿಸಿ, ಸೋಸಿ. ಬರುವುದು ಕಿತ್ತಳೆ ಬಣ್ಣದ ಸುಮಾರು ಎರಡು ಲೋಟ ನೀರು. ಸಿಪ್ಪೆಗೆ ರಬ್ಬರ್ ಆಗುವ ಭಯವಿಲ್ಲ, ಎಷ್ಟು ಬೇಕಾದರೂ ಕುದಿಸಬಹುದು. ತಲೆ ತಾಜಾ ಇಲ್ಲದಿದ್ದರೆ, ಕಪ್ಪಾಗಿದ್ದರೆ ಈ ಕೆಲಸ ಮಾಡಬೇಡಿ. ಗಸಿ ಇಡೀ ಕಹಿಯಾಗುತ್ತದೆ.

ಮಸಾಲೆ ನಿಮ್ಮ ಮನೆಯದ್ದೇ ಇರಲಿ. ನಮ್ಮದು ಅರ್ಧ ತೆಂಗಿನಕಾಯಿ, ಹತ್ತು ಹನ್ನೆರಡು ಹುರಿದ ಬ್ಯಾಡಗಿ ಮೆಣಸು, ಒಂದೂವರೆ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಂತೆ, ನಾಲ್ಕು ಎಸಳು ಬೆಳ್ಳುಳ್ಳಿ, ಸಣ್ಣ ನಿಂಬೆ ಗಾತ್ರದ ಹುಣಸೆ. ಅರೆದದ್ದನ್ನು ಸೋಸಿದ ನೀರಿನ ಜೊತೆ ಚಟ್ಟಿಯಲ್ಲಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಬೇಕಾದಷ್ಟು ನೀರು ಸೇರಿಸಿ ಹದ ಮಾಡಿ. ಹಸಿವಾಸನೆ ಹೋಗಬೇಕಾದದ್ದು, ಹುಳಿ ಖಾರ ಕೂಡಿಕೊಳ್ಳಬೇಕಾದದ್ದು ಈಗಲೇ, ಎಟ್ಟಿ ಬರುವ ಮೊದಲು. ಉಪ್ಪು ಸ್ವಲ್ಪ ಕಡಿಮೆ ಹಾಕಿ, ಎಟ್ಟಿಯಲ್ಲಿ ಆಗಲೇ ಇದೆ. ತೊಂಡೆಕಾಯಿಯೋ ಸೌತೆಕಾಯಿಯೋ ಹಾಕುವವರು ಅದನ್ನೂ ಈಗಲೇ ಬೇಯಿಸಿಕೊಳ್ಳಬೇಕು.

ಈಗ ಲೆಕ್ಕ. ಚಟ್ಟಿಯಲ್ಲಿ ಸುಮಾರು ಒಂದು ಲೀಟರ್ ಗಸಿ ಕುದಿಯುತ್ತಿದೆ, ಹತ್ತಿರ ಹತ್ತಿರ ನೂರು ಡಿಗ್ರಿ. ಅರ್ಧ ಕಿಲೋ ಎಟ್ಟಿ ಹೊರಗಿನ ಹವೆಯಷ್ಟು, ಅಂದರೆ ಇಪ್ಪತ್ತೆಂಟು ಡಿಗ್ರಿಯಷ್ಟು ಇದೆ. ಎರಡನ್ನೂ ಸೇರಿಸಿ ಆ ಕ್ಷಣವೇ ಒಲೆ ಆರಿಸಿದರೂ ಎರಡೂ ಬಂದು ನಿಲ್ಲುವುದು ಎಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿ. ಎಟ್ಟಿ ಬೇಯಲು ಬೇಕಾದದ್ದಕ್ಕಿಂತ ಅದು ಜಾಸ್ತಿಯೇ. ಮೇಲಿಂದ ಮಣ್ಣಿನ ಚಟ್ಟಿಯ ಗೋಡೆಯಲ್ಲಿ ಕೂತಿರುವ ಬಿಸಿ ಬೇರೆ. ಚಟ್ಟಿಯನ್ನು ಒಲೆಯಿಂದ ಇಳಿಸಿದ ಮೇಲೂ ಗಸಿ ಬುಳುಬುಳು ಎನ್ನುವುದನ್ನು ನೀವೂ ನೋಡಿರುತ್ತೀರಿ. ಅಂದರೆ ಎಟ್ಟಿ ಹಾಕಿದ ಮೇಲೆ ಗಸಿ ಮತ್ತೆ ಕುದಿ ಬರಲಿ ಎಂದು ಕಾಯುವುದೇ ತಪ್ಪು. ಆ ಕುದಿ ಬರುವ ಹೊತ್ತಿಗೆ ಎಟ್ಟಿ ಹದ ದಾಟಿರುತ್ತದೆ.

ನಾನು ಮಾಡುವುದು ಹೀಗೆ. ಗಸಿ ಜೋರಾಗಿ ಕುದಿಯುವಾಗ ಎಟ್ಟಿ ಹಾಕಿ, ಒಮ್ಮೆ ಕೈಯಾಡಿಸಿ, ಸಣ್ಣ ಉರಿಯಲ್ಲಿ ಒಂದು ನಿಮಿಷ ಬಿಡುತ್ತೇನೆ. ಚಟ್ಟಿಯ ಅಂಚಿನಲ್ಲಿ ಮೊದಲ ಗುಳ್ಳೆ ಕಂಡ ಕೂಡಲೇ ಆರಿಸಿ ಮುಚ್ಚುತ್ತೇನೆ. ಮೂರು ನಾಲ್ಕು ನಿಮಿಷ ಬಿಟ್ಟು ಮುಚ್ಚಳ ತೆಗೆದು ಅತಿ ದಪ್ಪದ ಒಂದನ್ನು ಎತ್ತಿ ತಲೆಯ ಕಡೆಯ ತುದಿಯಲ್ಲಿ ಕತ್ತರಿಸಿ ನೋಡುತ್ತೇನೆ. ಕೊನೆಗೆ ಬೇಯುವ ಜಾಗ ಅದು. ನಡುವಿನಲ್ಲಿ ಬೂದು ಬಣ್ಣದ ಗಾಜಿನಂಥ ಚುಕ್ಕೆ ಇದ್ದರೆ ಇನ್ನೂ ಎರಡು ನಿಮಿಷ ಮುಚ್ಚುವುದು. ಪೂರ್ತಿ ಬಿಳಿ ಇದ್ದು ಮುತ್ತಿನಂಥ ಹೊಳಪು ಉಳಿದಿದ್ದರೆ ಆಯಿತು. ಹೊಳಪು ಹೋಗಿ ಸುಣ್ಣದ ಹಾಗಾಗಿದ್ದರೆ ತಡವಾಗಿದೆ. ಹದ ಬಂದ ಮೇಲೆ ಮುಚ್ಚಳ ತೆರೆದೇ ಇಡಿ, ಬಿಸಿ ಹೊರಗೆ ಹೋಗಲಿ. ಒಗ್ಗರಣೆಗೆ ತೆಂಗಿನೆಣ್ಣೆಯಲ್ಲಿ ಈರುಳ್ಳಿ ಕರಿಬೇವು ಹುರಿದು ಸುರಿದರೆ ಮುಗಿಯಿತು.

ಟೈಗರ್‌ನಂಥ ದಪ್ಪ ಎಟ್ಟಿಯಾದರೆ ಇದೇ ಕ್ರಮದಲ್ಲಿ ಸಣ್ಣ ಉರಿಯ ಮೇಲೆ ಇನ್ನೆರಡು ಮೂರು ನಿಮಿಷ ಕೊಡಬೇಕು. ಕರಿಕ್ಕಾಡಿಯಾದರೆ ಉರಿಯೇ ಬೇಡ, ಕುದಿಯುವ ಗಸಿಗೆ ಹಾಕಿ ಆರಿಸಿದರೆ ಸಾಕು. ಫ್ರಿಜ್ಜಿನಿಂದ ನೇರ ತೆಗೆದ ತಣ್ಣನೆಯ ಎಟ್ಟಿ ಗಸಿಯನ್ನು ಇನ್ನೂ ಕೆಳಗೆ ಇಳಿಸುತ್ತದೆ, ಅದಕ್ಕೆ ಒಂದು ನಿಮಿಷ ಜಾಸ್ತಿ. ಗಸಿ ಕಡಿಮೆ ಎಟ್ಟಿ ಜಾಸ್ತಿ ಇದ್ದರೂ ಹಾಗೆಯೇ. ಆಗ ಮೇಲಿನ ಲೆಕ್ಕ ನಡೆಯುವುದಿಲ್ಲ, ಕತ್ತರಿಸಿ ನೋಡುವುದೇ ನಂಬಿಕೆಯ ದಾರಿ.

ಮೊದಲ ಸಲ ಈ ಗಸಿ ಬಡಿಸಿದಾಗ ಅತ್ತೆ ಏನೂ ಹೇಳಲಿಲ್ಲ. ಮರುದಿನ ಎಟ್ಟಿ ಸುಲಿಯುವಾಗ ಮಾತ್ರ, "ಸಿಪ್ಪೆ ಬಿಸಾಡಬೇಡ" ಎಂದು ನನಗೇ ಹೇಳಿದರು.

ಬಣ್ಣ, ಆಕಾರ ನಂಬಬಹುದಾ

ಕೆಂಪಾದರೆ ಬೆಂದಿತು ಎನ್ನುತ್ತಾರೆ. ಎಟ್ಟಿಯಲ್ಲಿ ಕೆಂಪು ಬಣ್ಣ ಮೊದಲೇ ಇರುತ್ತದೆ. ಒಂದು ಪ್ರೋಟೀನು ಅದನ್ನು ಮುಚ್ಚಿ ಹಿಡಿದು ಬೂದು ನೀಲಿಯಾಗಿ ಕಾಣಿಸುತ್ತಿರುತ್ತದೆ. ಬಿಸಿಗೆ ಆ ಹಿಡಿತ ಬಿಡುತ್ತದೆ. ಆದರೆ ಇದು ಮೊದಲು ಹೊರಗೆ ನಡೆಯುವ ಆಟ. ಮೇಲೆ ಕೆಂಪಾದಾಗ ಒಳಗೆ ಹಸಿ ಇರಬಹುದು. ಬ್ಯಾಡಗಿ ಮೆಣಸು ಹಚ್ಚಿದ ಮೇಲಂತೂ ಬಣ್ಣ ನೋಡಿ ಏನೂ ಹೇಳಲಾಗದು.

ಆಕಾರ ಅದಕ್ಕಿಂತ ವಾಸಿ. ಎಟ್ಟಿಯ ಹೊಟ್ಟೆಯ ಕಡೆ ಇರುವುದು ಬಾಲವನ್ನು ಒಳಕ್ಕೆ ಹೊಡೆದು ಹಿಂದಕ್ಕೆ ಜಿಗಿಯುವ ದೊಡ್ಡ ಸ್ನಾಯು. ಬಿಸಿಗೆ ಅದು ಹೆಚ್ಚು ಕುಗ್ಗುವುದರಿಂದ ಮೈ ಬಾಗುತ್ತದೆ. ಅರ್ಧಚಂದ್ರದಷ್ಟು ಬಾಗಿದರೆ ಹದ. ಬಾಲ ಕುತ್ತಿಗೆಗೆ ತಾಗಿ ಬಳೆಯ ಹಾಗೆ ಸುತ್ತಿಕೊಂಡರೆ ಹದ ದಾಟಿದೆ. ಬೆನ್ನು ಆಳಕ್ಕೆ ಸೀಳಿದ್ದರೆ, ಇಲ್ಲವೇ ತೀರಾ ಸಣ್ಣ ಎಟ್ಟಿಯಾದರೆ ಈ ಗುರುತು ಕೈಕೊಡುತ್ತದೆ. ಅವು ಮೊದಲೇ ಮುದುಡುತ್ತವೆ.

ಆ ಉರುಳಿಯಲ್ಲಿ ನಡೆದದ್ದು

ಮಾವ ರಬ್ಬರ್ ಎಂದ ದಿನದ ತಪ್ಪು ಈಗ ಹೇಳಬಹುದು. ಎರಡು ಕಿಲೋದ ಎಟ್ಟಿಯನ್ನು ಒಂದೇ ಸಲ ಹಾಕಿದ ಕೂಡಲೇ ಉರುಳಿ ತಣ್ಣಗಾಯಿತು. ಎಟ್ಟಿ ನೀರು ಬಿಟ್ಟಿತು. ಆ ನೀರು ಹಬೆಯಾಗಿ ಹೋಗುವುದಕ್ಕಿಂತ ಬೇಗ ಹೊಸ ನೀರು ಬಂತು. ಹುರಿಯಬೇಕಾದದ್ದು ತನ್ನದೇ ನೀರಿನಲ್ಲಿ ಬೇಯತೊಡಗಿತು. ಸುಕ್ಕ ಒಣಗಬೇಕಲ್ಲ ಎಂದು ನಾನು ಕಾಲು ಗಂಟೆ ಕೈಯಾಡಿಸಿದೆ. ಎಟ್ಟಿ ಮುಗಿದದ್ದು ಮೂರನೇ ನಿಮಿಷದಲ್ಲಿ. ಉಳಿದ ಹನ್ನೆರಡು ನಿಮಿಷ ನಾನು ಒಣಗಿಸಿದ್ದು ಅದರ ರಸವನ್ನೇ.

ಈಗ ಸುಕ್ಕಕ್ಕೆ ಮೊದಲು ಎಟ್ಟಿಯ ಮೇಲಿನ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆಯುತ್ತೇನೆ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಪದರ ಮಾತ್ರ, ಒಂದಕ್ಕೊಂದು ತಾಗದ ಹಾಗೆ. ಚುಂಯ್ ಎಂಬ ಸದ್ದು ನಿಲ್ಲಬಾರದು. ನಿಂತರೆ ಜಾಸ್ತಿ ಹಾಕಿದ್ದೇನೆ ಎಂದರ್ಥ. ಮಧ್ಯಮ ಗಾತ್ರಕ್ಕೆ ಒಂದು ಮಗ್ಗುಲು ಒಂದು ನಿಮಿಷ, ಇನ್ನೊಂದು ಮುಕ್ಕಾಲು ನಿಮಿಷ, ತೆಗೆದು ತಟ್ಟೆಗೆ. ಹೀಗೆ ಮೂರು ನಾಲ್ಕು ಸುತ್ತು. ಅದೇ ಬಾಣಲೆಯಲ್ಲಿ ಈರುಳ್ಳಿ, ಮಸಾಲೆ, ಕಾಯಿತುರಿ ಬೇಕಾದಷ್ಟು ಒಣಗಿಸಿ, ಒಲೆ ಆರಿಸಿ, ಕೊನೆಗೆ ಎಟ್ಟಿ ಸೇರಿಸಿ ಹೊರಳಿಸುತ್ತೇನೆ. ತಟ್ಟೆಯಲ್ಲಿ ಕೂತಿದ್ದಾಗ ಬಿಟ್ಟ ರಸವನ್ನೂ ಸುರಿಯುತ್ತೇನೆ.

ಉಳಿದ ಗಸಿಯನ್ನು ಬಿಸಿ ಮಾಡುವಲ್ಲಿ ಎಷ್ಟೋ ಮನೆಯಲ್ಲಿ ಆಟ ಕೆಡುತ್ತದೆ. ರಾತ್ರಿ ಕುದಿಸಿ, ಬೆಳಿಗ್ಗೆ ನೀರುದೋಸೆಗೆ ಮತ್ತೆ ಕುದಿಸಿದರೆ ಎಷ್ಟು ಜಾಗ್ರತೆಯಿಂದ ಮಾಡಿದ ಎಟ್ಟಿಯೂ ಬಳೆಯಾಗುತ್ತದೆ. ಉಳಿದದ್ದು ಆರಿದ ಕೂಡಲೇ ಫ್ರಿಜ್ಜಿಗೆ ಹೋಗಲಿ. ಬೆಳಿಗ್ಗೆ ಎಟ್ಟಿಗಳನ್ನು ಸೌಟಿನಿಂದ ಹೆಕ್ಕಿ ಬೇರೆ ಇಟ್ಟು, ಗಸಿಯನ್ನು ಮಾತ್ರ ಚೆನ್ನಾಗಿ ಕುದಿಸಿ. ಆರಿಸಿದ ಮೇಲೆ ಎಟ್ಟಿ ಹಾಕಿ ಮುಚ್ಚಿ. ಕಾವಲಿಯಿಂದ ಎರಡು ದೋಸೆ ಏಳುವಷ್ಟರಲ್ಲಿ ಎಟ್ಟಿಯೂ ಬಿಸಿಯಾಗಿರುತ್ತದೆ.